ಮೊದಲ ಸಂಬಳದ ಉಳಿತಾಯ: ಆಪತ್ತಿಗೆಷ್ಟು, ಹೂಡಿಕೆಗೆಷ್ಟು?

ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಾದ ಮೇಲೆ ಖಾತೆಯಲ್ಲಿ ಒಂದಿಷ್ಟು ಹಣ ಉಳಿಯತೊಡಗುತ್ತದೆ. ಮ್ಯೂಚುವಲ್ ಫಂಡಿಗೆ ಪ್ರತಿ ತಿಂಗಳು ಇಷ್ಟೆಂದು ಹಾಕುವ ಎಸ್‌ಐಪಿ ಶುರು ಮಾಡು ಎಂದು ಸಹೋದ್ಯೋಗಿಗಳು ಹೇಳುತ್ತಾರೆ, ಬ್ಯಾಂಕಿನಲ್ಲಿಡು ಎಂದು ಮನೆಯವರು ಹೇಳುತ್ತಾರೆ. ಎರಡೂ ಸರಿಯೇ. ಆದರೆ ಯಾವುದಕ್ಕೆ ಎಷ್ಟು ಎಂಬುದಕ್ಕೆ ಸದಾಕಾಲ ನಡೆಯುವ ಒಂದೇ ಶೇಕಡಾವಾರು ಇಲ್ಲ. ಮೊದಲು ಎಲ್ಲವೂ ಆಪದ್ಧನಕ್ಕೆ, ಆಮೇಲೆ ಹೆಚ್ಚಿನ ಪಾಲು ಆಪದ್ಧನಕ್ಕೆ, ಅದು ತುಂಬಿದ ಮೇಲೆ ಹೆಚ್ಚಿನ ಪಾಲು ಹೂಡಿಕೆಗೆ. ಹೀಗೆ ಪಾಲು ಕಾಲಕಾಲಕ್ಕೆ ಬದಲಾಗಬೇಕು.

ಉದಾಹರಣೆಗೆ, ದಾವಣಗೆರೆಯಿಂದ ಬಂದು ಬೆಂಗಳೂರಿನ ಪಿಜಿಯಲ್ಲಿರುವ 23 ವರ್ಷದ ಒಬ್ಬ ಯುವತಿಯ ಲೆಕ್ಕ ತೆಗೆದುಕೊಳ್ಳೋಣ. ಕೈಗೆ ಬರುವ ಸಂಬಳ ₹34,000. ತಿಂಗಳ ಖರ್ಚು ₹25,000. ಉಳಿಯುವುದು ₹9,000. ಸಾಲವಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದವರು ಮಾತ್ರ ಮೊದಲು ಅದನ್ನು ತೀರಿಸಿ ಮುಂದಕ್ಕೆ ಓದಬೇಕು. ತಿಂಗಳಿಗೆ ಶೇ 3ರ ಮೇಲೆ ಬಡ್ಡಿ ತಿನ್ನುವ ಬಾಕಿಯನ್ನು ಮೀರಿಸಿ ಗಳಿಸುವ ಹೂಡಿಕೆ ಸಿಗುವುದಿಲ್ಲ.

ಮೊದಲು ಗುರಿಯ ಮೊತ್ತ

ಆಪದ್ಧನವನ್ನು ಸಂಬಳದ ಮೇಲೆ ಲೆಕ್ಕ ಹಾಕಬೇಡಿ. ಕೆಲಸ ಹೋದ ತಿಂಗಳಲ್ಲೂ ತಪ್ಪದ ಖರ್ಚು ಎಷ್ಟು ಎಂದು ನೋಡಿ. ಈ ಯುವತಿಗೆ ಪಿಜಿ ₹9,500, ಮಧ್ಯಾಹ್ನದ ಊಟ ಮತ್ತು ಸಣ್ಣಪುಟ್ಟ ಸಾಮಾನು ₹3,000, ಬಸ್ಸು-ಮೆಟ್ರೊ ₹2,000, ಮೊಬೈಲ್ ₹500, ಮನೆಗೆ ಕಳಿಸುವುದು ₹5,000. ಒಟ್ಟು ₹20,000. ಸಿನಿಮಾ, ಹೋಟೆಲು, ಬಟ್ಟೆಯ ₹5,000 ಇದರಲ್ಲಿ ಸೇರುವುದಿಲ್ಲ.

ಇಂಥ ಮೂರು ತಿಂಗಳ ಖರ್ಚು ₹60,000. ಅದರ ಮೇಲೆ ಒಮ್ಮೆಗೇ ಬರುವ ಪೆಟ್ಟಿಗೆಂದು ₹20,000 ಸೇರಿಸಿ. ಆಸ್ಪತ್ರೆಯಲ್ಲಿ ವಿಮೆ ಕ್ಯಾಶ್‌ಲೆಸ್ ಆಗದೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ ಹಾಕಿ ಪಡೆಯಬೇಕಾದ ಸಂದರ್ಭ ಅಪರೂಪವೇನಲ್ಲ. ಒಟ್ಟು ಗುರಿ ₹80,000.

ಆರು ತಿಂಗಳದ್ದು ಬೇಡವೇ? ಈಕೆಗೆ ಬೇಡ, ಏಕೆಂದರೆ ತೀರಾ ಕಷ್ಟವಾದರೆ ಪಿಜಿ ಬಿಟ್ಟು ಊರಿನ ಮನೆಗೆ ಹೋಗಬಹುದು, ಕಂತೂ ಇಲ್ಲ. ಶಿಕ್ಷಣ ಸಾಲದ ಇಎಂಐ ಇದ್ದರೆ, ತಂದೆ-ತಾಯಿ ನಿಮ್ಮ ಸಂಬಳದ ಮೇಲೆಯೇ ಇದ್ದರೆ, ಆರು ತಿಂಗಳದ್ದೇ ಇರಲಿ. ಬಾಡಿಗೆ ಮನೆಯ ಅಡ್ವಾನ್ಸು, ಗೆಳತಿಯ ಮದುವೆ, ಹೊಸ ಫೋನು ಇವು ಯಾವುವೂ ಆಪತ್ತಲ್ಲ. ಪಿಜಿಯಿಂದ ಬಾಡಿಗೆ ಮನೆಗೆ ಹೋಗುವ ಯೋಚನೆ ಇದ್ದರೆ ಅಡ್ವಾನ್ಸಿಗೆಂದು ಬೇರೆ ಆರ್‌ಡಿ ಮಾಡಿಸಿ. ಆಪದ್ಧನ ಸದ್ದಿಲ್ಲದೆ ಕರಗುವುದು ಹೆಚ್ಚಾಗಿ ಈ ಅಡ್ವಾನ್ಸಿನಲ್ಲೇ.

₹9,000 ಹಂಚುವ ಬಗೆ

ಮೊದಲ ಮೂರು ತಿಂಗಳು ಪೂರ್ತಿ ₹9,000 ಆಪದ್ಧನಕ್ಕೇ ಹೋಗಲಿ. ಮೂರನೇ ತಿಂಗಳ ಕೊನೆಗೆ ₹27,000 ಇರುತ್ತದೆ, ಅಂದರೆ ಒಂದು ತಿಂಗಳ ಖರ್ಚಿಗಿಂತ ತುಸು ಹೆಚ್ಚು.

ನಾಲ್ಕನೇ ತಿಂಗಳಿಂದ ₹6,000 ಆಪದ್ಧನಕ್ಕೆ, ₹3,000 ಹೂಡಿಕೆಗೆ. ಒಂಬತ್ತು ತಿಂಗಳು ಹೀಗೆ ನಡೆದರೆ ವರ್ಷದ ಕೊನೆಗೆ ಆಪದ್ಧನ ₹81,000 ಆಗಿರುತ್ತದೆ, ಹೂಡಿಕೆಗೆ ₹27,000 ಹಾಕಿರುತ್ತೀರಿ.

ಹದಿಮೂರನೇ ತಿಂಗಳಿಂದ ಪಾಲು ತಿರುವುಮುರುವು: ₹8,000 ಹೂಡಿಕೆಗೆ, ₹1,000 ಮಾತ್ರ ಆಪದ್ಧನಕ್ಕೆ. ಗುರಿ ಮುಟ್ಟಿದ ಮೇಲೂ ಆ ₹1,000 ಏಕೆಂದರೆ ಪಿಜಿ ಬಾಡಿಗೆ ಏರುತ್ತದೆ, ಅದರೊಂದಿಗೆ ಗುರಿಯೂ ಏರುತ್ತದೆ.

ಎಲ್ಲವನ್ನೂ ಆಪದ್ಧನಕ್ಕೇ ಹಾಕಿದ್ದರೆ ₹81,000 ಒಂಬತ್ತೇ ತಿಂಗಳಿಗೆ ಆಗುತ್ತಿತ್ತು. ಮೂರು ತಿಂಗಳು ತಡಮಾಡಿ ಮಧ್ಯದಲ್ಲೇ ಹೂಡಿಕೆ ಶುರುಮಾಡುವುದರಿಂದ ಹಣದ ಲಾಭ ದೊಡ್ಡದೇನಲ್ಲ. ವರ್ಷಕ್ಕೆ ಶೇ 10ರಂತೆ ಬೆಳೆದರೂ ಆ ಒಂಬತ್ತು ತಿಂಗಳಲ್ಲಿ ಸಿಗುವುದು ಸಾವಿರದ ಆಸುಪಾಸು. ಸಣ್ಣ ಮೊತ್ತದಲ್ಲಿ ಏರಿಳಿತ ನೋಡಿ ಅಭ್ಯಾಸವಾಗುತ್ತದೆ, ಅಷ್ಟೇ. ಹಾಗಾಗಿ ಇನ್ನೂ ಪ್ರೊಬೇಷನ್‌ನಲ್ಲಿರುವವರು, ಗುತ್ತಿಗೆಯ ಮೇಲೆ ದುಡಿಯುವವರು ಮಧ್ಯದ ಹಂತವನ್ನು ಬಿಟ್ಟು ಒಂಬತ್ತು ತಿಂಗಳಲ್ಲಿ ಆಪದ್ಧನ ಮುಗಿಸಿಕೊಳ್ಳುವುದೇ ಮೇಲು.

ಆಪದ್ಧನವೇ ಮೊದಲೇಕೆ ಎಂಬುದಕ್ಕೆ 2020 ನೋಡಿ. ಜನವರಿ 14ರಂದು 12,362ರಲ್ಲಿ ಮುಗಿದಿದ್ದ ಷೇರುಪೇಟೆಯ ಸೂಚ್ಯಂಕ ನಿಫ್ಟಿ 50, ಮಾರ್ಚ್ 23ಕ್ಕೆ 7,610ಕ್ಕೆ ಇಳಿಯಿತು. ಸುಮಾರು ಶೇ 38ರ ಕುಸಿತ. ₹27,000 ಇದ್ದದ್ದು ₹16,600 ಆದಂತೆ. ಅದೇ ವಾರಗಳಲ್ಲಿ ಸಂಬಳ ಕಡಿತವೂ ಆಯಿತು, ಕೆಲಸಗಳೂ ಹೋದವು. ಸೂಚ್ಯಂಕ ನವೆಂಬರ್‌ನಲ್ಲಿ ಹಳೆಯ ಮಟ್ಟ ದಾಟಿತು. ಆದರೆ ಏಪ್ರಿಲ್‌ನ ಬಾಡಿಗೆ ನವೆಂಬರ್‌ವರೆಗೆ ಕಾಯುವುದಿಲ್ಲ. ಕೆಲಸ ಹೋಗುವುದೂ ಮಾರುಕಟ್ಟೆ ಬೀಳುವುದೂ ಹಲವು ಸಲ ಒಟ್ಟಿಗೇ ಬರುತ್ತವೆ. ಷೇರು ಫಂಡನ್ನು ಆಪದ್ಧನ ಎಂದು ನಂಬಿದವರು ತೀರಾ ಕೆಳಗಿನ ಬೆಲೆಗೆ ಮಾರಬೇಕಾಗುತ್ತದೆ.

ಆಪದ್ಧನ ಎಲ್ಲಿಡಬೇಕು

ಸಂಬಳದ ಖಾತೆಯಲ್ಲಿ ಬೇಡ. ಅಲ್ಲಿಂದ ದಿನಾ ಯುಪಿಐ ಹೋಗುತ್ತದೆ, ಎಸ್‌ಐಪಿ ಕಡಿತವಾಗುತ್ತದೆ, ಉಳಿದದ್ದೆಷ್ಟು ಎಂದು ಕಣ್ಣಿಗೆ ಕಾಣುವುದಿಲ್ಲ. ಸಂಬಳ ಬರುವುದು ಕೆಲವು ತಿಂಗಳು ನಿಂತರೆ ಬ್ಯಾಂಕು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿ ಕನಿಷ್ಠ ಮೊತ್ತ ಇಲ್ಲವೆಂದು ಶುಲ್ಕ ಹಾಕಲೂಬಹುದು, ಅದೂ ಕೈ ಬಿಗಿಯಾದ ಹೊತ್ತಿನಲ್ಲೇ. ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಡೆಬಿಟ್ ಕಾರ್ಡ್ ಇರಲಿ, ಯುಪಿಐಗೆ ಜೋಡಿಸಬೇಡಿ. ಸಂಬಳ ಬಂದ ಮರುದಿನ ಅಲ್ಲಿಗೆ ಹಣ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ.

ಆ ಖಾತೆಯಲ್ಲಿ ₹20,000 ಹಾಗೆಯೇ ಇರಲಿ. ಅದರ ಮೇಲೆ ಇನ್ನೊಂದು ₹20,000 ಕೂಡಿದಾಗಲೆಲ್ಲ ಒಂದು ಎಫ್‌ಡಿ ಮಾಡಿಸಿ. ನಮ್ಮ ಲೆಕ್ಕದಲ್ಲಿ ಆರನೇ, ಒಂಬತ್ತನೇ, ಹನ್ನೆರಡನೇ ತಿಂಗಳಿಗೆ ಒಂದೊಂದು ಎಫ್‌ಡಿ ಆಗುತ್ತದೆ. ₹60,000ದ ಒಂದೇ ಎಫ್‌ಡಿ ಬದಲು ಮೂರು ಏಕೆಂದರೆ, ಹದಿನೈದು ಸಾವಿರ ಬೇಕಾದಾಗ ಒಂದನ್ನು ಮುರಿದರೆ ಸಾಕು, ಉಳಿದ ಎರಡಕ್ಕೆ ಬಡ್ಡಿ ನಡೆಯುತ್ತಿರುತ್ತದೆ. ಅವಧಿಗೆ ಮೊದಲೇ ಮುರಿಯಲು ಹೆದರಬೇಡಿ. ಹಣ ನಿಜವಾಗಿ ಇದ್ದಷ್ಟು ಅವಧಿಯ ಬಡ್ಡಿ ದರ ಹಿಡಿದು, ಅದರಲ್ಲಿ ಸಾಮಾನ್ಯವಾಗಿ ಶೇ ಅರ್ಧದಿಂದ ಒಂದರಷ್ಟು ಕಡಿತ ಮಾಡುತ್ತಾರೆ. ಆರು ತಿಂಗಳಿಗೆ ಮುರಿದ ₹20,000ಕ್ಕೆ ಶೇ 1ರ ಕಡಿತವೆಂದರೆ ₹100.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಮಾಮೂಲಿ ಎಫ್‌ಡಿಯ ಪಕ್ಕದಲ್ಲೇ ‘ಟ್ಯಾಕ್ಸ್ ಸೇವರ್’ ಎಫ್‌ಡಿ ಇರುತ್ತದೆ. ಅದನ್ನು ಐದು ವರ್ಷ ಮುರಿಯಲಾಗದು. ಅದರಲ್ಲಿಟ್ಟ ಹಣ ಆಪತ್ತಿಗೆ ಇಲ್ಲದ ಹಾಗೆಯೇ. ಇನ್ನು ಹೆಚ್ಚು ಬಡ್ಡಿ ಕೊಡುತ್ತಾರೆಂದು ಪತ್ತಿನ ಸಹಕಾರ ಸಂಘದಲ್ಲಿಡುವ ರೂಢಿ ನಮ್ಮ ಊರುಗಳಲ್ಲಿದೆ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ₹5 ಲಕ್ಷದವರೆಗೆ ಇರುವ ಠೇವಣಿ ವಿಮೆ ಆ ಸಂಘಗಳಿಗೆ ಇಲ್ಲ. ಚೀಟಿಯ ಹಣವೂ ಬೇಕಾದ ದಿನ ಸಿಗುವುದಲ್ಲ. ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಹಾಕುವ ಲಿಕ್ವಿಡ್ ಫಂಡ್ ಬಳಸುವುದು ತಪ್ಪಲ್ಲ, ಆದರೆ ಮಾರಿದ ಹಣ ಸಾಮಾನ್ಯವಾಗಿ ಮುಂದಿನ ಕೆಲಸದ ದಿನ ಬರುತ್ತದೆ. ಶನಿವಾರ ರಾತ್ರಿಯ ಆಸ್ಪತ್ರೆಗೆ ಅದೊಂದನ್ನೇ ನಂಬಿಕೊಳ್ಳಬಾರದು.

ಪಿಎಫ್ ಇದೆಯಲ್ಲ ಎನ್ನುವವರೂ ಇದ್ದಾರೆ. ಪಿಎಫ್ ಖಾತೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಹೆಸರಿದ್ದರೆ ಹಣ ತೆಗೆಯುವ ಅರ್ಜಿ ತಿರಸ್ಕಾರವಾಗಬಹುದು. ಇನಿಷಿಯಲ್ ಹಿಂದೆ-ಮುಂದೆ ಆಗುವ ನಮ್ಮ ಹೆಸರುಗಳಿಗೆ ಈ ತೊಂದರೆ ಹೆಚ್ಚು. ಹೆಸರನ್ನು ಈಗಲೇ ಸರಿಪಡಿಸಿಕೊಳ್ಳಿ, ಪಿಎಫನ್ನು ಮಾತ್ರ ಆಪದ್ಧನದ ಲೆಕ್ಕಕ್ಕೆ ಸೇರಿಸಬೇಡಿ. ಅದು ಬಡ್ಡಿಯ ದೀರ್ಘಾವಧಿ ಉಳಿತಾಯ.

ಹೂಡಿಕೆಯ ಪಾಲು

ಪಿಎಫ್ ಹಾಗಿರುವುದರಿಂದಲೇ ಈ ₹3,000ವನ್ನು ಷೇರಿನ ಕಡೆಗೆ ಹಾಕಬಹುದು. ನಿಫ್ಟಿ 50ರ ಕಂಪನಿಗಳಲ್ಲೇ ಹಣ ಹಾಕುವ ಒಂದೇ ಒಂದು ಇಂಡೆಕ್ಸ್ ಫಂಡ್, ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್, ಲಾಭ ಫಂಡಿನಲ್ಲೇ ಉಳಿದು ಬೆಳೆಯುವ ಗ್ರೋತ್ ಆಯ್ಕೆ. ಐದಾರು ಫಂಡ್‌ಗಳಿಗೆ ಐನೂರೈನೂರು ಹಂಚುವುದರಿಂದ ಅಪಾಯ ಅಷ್ಟೇನೂ ಕಡಿಮೆಯಾಗದು, ಹೆಚ್ಚಿನವುಗಳಲ್ಲಿ ಅವೇ ದೊಡ್ಡ ಕಂಪನಿಗಳಿರುತ್ತವೆ. ಏಳು ವರ್ಷದೊಳಗೆ ಬೇಕಾಗುವ ಹಣ ಇದರಲ್ಲಿ ಇರಬಾರದು.

ಎಸ್‌ಐಪಿ ದಿನಾಂಕ ಸಂಬಳ ಬಂದ ನಾಲ್ಕೈದು ದಿನಕ್ಕಿರಲಿ. 1ಕ್ಕೆ ಸಂಬಳವಾದರೆ 5ಕ್ಕೆ. ಸಂಬಳ ತಡವಾಗಿ ಖಾತೆ ಖಾಲಿ ಇದ್ದರೆ ಕಂತು ಬೌನ್ಸ್ ಆಗುತ್ತದೆ, ಬ್ಯಾಂಕು ಪ್ರತಿ ಸಲ ದಂಡ ಹಾಕುತ್ತದೆ, ಸತತ ಮೂರು ಸಲವಾದರೆ ಎಸ್‌ಐಪಿಯೇ ರದ್ದಾಗಬಹುದು. ಕಷ್ಟದ ತಿಂಗಳಿದೆ ಎಂದು ಮೊದಲೇ ಗೊತ್ತಾದರೆ ಆ್ಯಪ್‌ನಲ್ಲಿ ‘ಪಾಜ್’ ಒತ್ತಿ ಎಸ್‌ಐಪಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ.

ಜನವರಿ ಬಂದರೆ ತೆರಿಗೆ ಉಳಿತಾಯದ ಹೆಸರಿನಲ್ಲಿ ವಿಮಾ ಪಾಲಿಸಿ ಹಿಡಿದು ಪರಿಚಯದವರು ಬರುತ್ತಾರೆ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ ₹12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ, 80ಸಿ ವಿನಾಯಿತಿಯೂ ಅದರಲ್ಲಿಲ್ಲ. ₹34,000 ಪಡೆಯುವವರಿಗೆ ಉಳಿಸಲು ತೆರಿಗೆಯೇ ಇಲ್ಲದಿರುವಾಗ ಹಣ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುವುದಷ್ಟೇ ಲಾಭ!

ಆಪದ್ಧನ ಖರ್ಚಾದ ಮೇಲೆ

ಖರ್ಚು ಮಾಡಿದ್ದಕ್ಕೆ ಕೊರಗಬೇಕಿಲ್ಲ, ಅದು ಇರುವುದೇ ಅದಕ್ಕೆ. ಉಳಿದ ಮೊತ್ತ ಗುರಿಯ ಅರ್ಧಕ್ಕಿಂತ ಮೇಲಿದ್ದರೆ ₹6,000–₹3,000ರ ಹಂಚಿಕೆಗೆ ಮರಳಿ. ಅರ್ಧಕ್ಕಿಂತ ಕೆಳಗಿಳಿದಿದ್ದರೆ ಎಸ್‌ಐಪಿ ನಿಲ್ಲಿಸಿ ₹9,000ವನ್ನೂ ಆಪದ್ಧನಕ್ಕೇ ಹಾಕಿ. ಆಗಲೇ ಹಾಕಿರುವ ಹೂಡಿಕೆಯನ್ನು ಮಾತ್ರ ಮಾರಿ ತುಂಬಿಸಲು ಹೋಗಬೇಡಿ.

ಎರಡನೇ ಖಾತೆಗೂ ಎಫ್‌ಡಿಗಳಿಗೂ ನಾಮಿನಿ ಹಾಕಿಸಿ, ಅವು ಎಲ್ಲಿವೆ ಎಂದು ಮನೆಯಲ್ಲಿ ಒಬ್ಬರಿಗೆ ತಿಳಿಸಿಡಿ. ಆಮೇಲೆ ಒಂದು ಭಾನುವಾರ ಆ ಖಾತೆಯ ಕಾರ್ಡ್ ಹಿಡಿದು ಎಟಿಎಂಗೆ ಹೋಗಿ ₹500 ತೆಗೆದು ನೋಡಿ. ಪಿನ್ ಮರೆತಿದ್ದರೆ, ಕಾರ್ಡ್ ಇನ್ನೂ ಚಾಲೂ ಆಗಿಲ್ಲದಿದ್ದರೆ, ಅದು ಅವತ್ತೇ ಗೊತ್ತಾಗುತ್ತದೆ.