ದಸರಾ-ದೀಪಾವಳಿ ನಡುವೆ ಪ್ರಾಜೆಕ್ಟ್ ಇದ್ರೆ ಕ್ಯಾಲೆಂಡರ್ ಹಾಕೋದು ಹೇಗೆ

ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಾಜೆಕ್ಟ್‌ಗಳ ಪ್ಲಾನ್ ಶೀಟ್ ನೋಡಿದ್ರೆ ನಂಗೆ ನಗು ಬರುತ್ತೆ. ಅಕ್ಟೋಬರ್ ಪೂರ್ತಿ ಸೋಮವಾರದಿಂದ ಶುಕ್ರವಾರ ಎಲ್ರೂ ಎಂಟೆಂಟು ಗಂಟೆ ಕೆಲ್ಸ ಮಾಡ್ತಾರೆ ಅಂತ ಬರ್ದಿರ್ತಾರೆ, ಆಯುಧಪೂಜೆ ದಿನ ಕಂಪ್ಯೂಟರ್‌ಗೆ ಕುಂಕುಮ ಇಟ್ಟು ಮಂಡಕ್ಕಿ ಹಂಚಿದ ಮೇಲೆ ಯಾರು ಕೂತ್ಕೊಂಡು ಕೋಡ್ ಬರೀತಾರೆ ಸ್ವಾಮಿ?

2025ರ ಲೆಕ್ಕಾನೇ ತಗೊಂಡು ಹೇಳ್ತೀನಿ, ಕಣ್ಮುಂದೆ ನೋಡಿದ್ದು. ಬೆಂಗಳೂರಲ್ಲಿ ಐದು ಜನರ ಟೀಮ್, ದಾವಣಗೆರೆಯ ಒಂದು ಬಟ್ಟೆ ಅಂಗಡಿಗೆ ಸ್ಟಾಕ್ ಮತ್ತು ಬಿಲ್ಲಿಂಗ್ ಆ್ಯಪ್ ಮಾಡ್ಬೇಕು. 20 ದಿನ ಕಟ್ಟೋದಕ್ಕೆ, 5 ದಿನ ಅಂಗಡೀಲಿ ಟ್ರಯಲ್, 5 ದಿನ ರಿಪೇರಿ. ಸೆಪ್ಟೆಂಬರ್ 15 ಸೋಮವಾರ ಶುರು, ಶನಿವಾರ-ಭಾನುವಾರ ಬಿಟ್ಟು 30 ದಿನ ಎಣಿಸಿದ್ರೆ ಅಕ್ಟೋಬರ್ 24ಕ್ಕೆ ಮುಗಿಯುತ್ತೆ. ಆ ತಾರೀಖನ್ನೇ ಅಂಗಡಿಯವರಿಗೆ ಕೊಟ್ಟಿದ್ರು.

ಮೊದಲನೇದು, ರಜೆ ಪಟ್ಟಿ. ಆಫೀಸ್ ಎಚ್‌ಆರ್ ಕಳ್ಸಿರೋ ಪಟ್ಟಿ ತಗೊಳ್ಳಿ, ಅಷ್ಟೇ. ಫೋನ್ ಕ್ಯಾಲೆಂಡರ್‌ನಲ್ಲಿ ಬರೋ "ಭಾರತದ ರಜೆಗಳು" ಅನ್ನೋದನ್ನ ಹಾಗೇ ಎಳ್ಕೊಂಡು ಹಾಕ್ಬೇಡಿ, ಅದ್ರಲ್ಲಿ ನಿಮಗೆ ರಜೆ ಇರೋದೂ ಇರದೇ ಇರೋದೂ ಎಲ್ಲ ಒಟ್ಟಿಗೆ ಕಲಸಿರುತ್ತೆ. ಈ ಟೀಮಿಗೆ ಸಿಕ್ಕಿದ್ದು ನಾಲ್ಕು: ಅಕ್ಟೋಬರ್ 1 ಆಯುಧಪೂಜೆ, 2 ಗಾಂಧಿ ಜಯಂತಿ (ಅವತ್ತೇ ವಿಜಯದಶಮಿ), 20 ನರಕ ಚತುರ್ದಶಿ, 22 ಬಲಿಪಾಡ್ಯಮಿ. ರಾಜ್ಯೋತ್ಸವ ಶನಿವಾರ ಬಂದು ಹೋಯ್ತು, ಲೆಕ್ಕಕ್ಕಿಲ್ಲ.

ಎರಡನೇದು, ಶೀಟ್‌ನಲ್ಲಿ ಫಾರ್ಮುಲಾ. ರಜೆ ತಾರೀಖುಗಳನ್ನ ಇನ್ನೊಂದು ಹಾಳೆಯಲ್ಲಿ ಸಾಲಾಗಿ ಇಡಿ, ಆ ಹಾಳೆಗೆ `Raje` ಅಂತ ಹೆಸರು ಕೊಡಿ, ಆಮೇಲೆ:

```
=WORKDAY.INTL(B2-1, C2, 1, Raje!$A$2:$A$20)
```

`B2` ಶುರುವಾಗೋ ದಿನ, `C2` ಎಷ್ಟು ದಿನದ ಕೆಲ್ಸ. ಆ `-1` ಮರೀಬೇಡಿ, ಇಲ್ಲಾಂದ್ರೆ ಶುರುವಿನ ದಿನಾನ ಎಣಿಸೋದೇ ಇಲ್ಲ, ಪ್ರತಿ ಸಾಲಲ್ಲೂ ಒಂದೊಂದು ದಿನ ಜಾರುತ್ತೆ. ಮಧ್ಯದ `1` ಅಂದ್ರೆ ಶನಿ-ಭಾನು ರಜೆ. ಎರಡನೇ ನಾಲ್ಕನೇ ಶನಿವಾರ ಮಾತ್ರ ರಜೆ ಇರೋ ಕಡೆ `11` ಹಾಕಿ (ಭಾನುವಾರ ಮಾತ್ರ ರಜೆ), ಆ ಶನಿವಾರಗಳ ತಾರೀಖನ್ನ ರಜೆ ಪಟ್ಟಿಗೇ ಸೇರ್ಸಿ. ಇನ್ನೊಂದು, ಶೀಟ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ರೆ 2/10/2025 ಅಂತ ಹೊಡೆದದ್ದು ಫೆಬ್ರವರಿ 10 ಆಗ್ಬಿಡುತ್ತೆ, 20/10/2025 ತಾರೀಖೇ ಆಗಲ್ಲ, ಬರೀ ಅಕ್ಷರವಾಗಿ ಎಡಕ್ಕೆ ಅಂಟ್ಕೊಂಡು ಕೂರುತ್ತೆ. ತಿಂಗಳ ಹೆಸರು ಕಾಣೋ ಹಾಗೆ ಫಾರ್ಮ್ಯಾಟ್ ಮಾಡಿ ಒಂದ್ಸಲ ಕಣ್ಣಾಡ್ಸಿದ್ರೆ ಸಿಕ್ಕಿಬೀಳುತ್ತೆ.

ಇಷ್ಟಾದ್ಮೇಲೆ ಅಕ್ಟೋಬರ್ 24 ಹೋಗಿ 30 ಬಂತು. ಎಲ್ರೂ ಇಲ್ಲಿಗೇ ನಿಲ್ಲಿಸ್ತಾರೆ, ಕೆಡೋದೂ ಇಲ್ಲಿಂದಾನೇ.

ಮೂರನೇದು, ಜನ. ಒಬ್ಬೊಬ್ಬರಿಗೂ ಒಂದೊಂದು ಸಾಲು, ಅಡ್ಡಕ್ಕೆ ತಾರೀಖು. "ಯಾರ್ ಯಾವಾಗ ರಜೆ ಹಾಕ್ತೀರಾ" ಅಂತ ಗ್ರೂಪ್‌ನಲ್ಲಿ ಕೇಳಿದ್ರೆ ಯಾರೂ ಹೇಳಲ್ಲ, ಒಬ್ಬೊಬ್ಬರನ್ನೇ ಕರ್ದು "ಊರಿಗೆ ಟಿಕೆಟ್ ಬುಕ್ ಆಗಿದ್ಯಾ" ಅಂತ ಕೇಳಿ. ರಜೆ ಅರ್ಜಿ ಹಿಂದಿನ ವಾರ ಬರ್ಬೋದು, ರೈಲ್ ಟಿಕೆಟ್ ಮಾತ್ರ ಎಷ್ಟೋ ಮುಂಚೆ ಬುಕ್ ಆಗಿರುತ್ತೆ.

ಈ ಟೀಮಲ್ಲಿ ಹಾಗೆ ಕೇಳಿದಾಗ ಏನೇನು ಬಂತು ನೋಡಿ. ಡೇಟಾಬೇಸ್ ನೋಡೋ ಹುಡುಗಿ ಕೋಲ್ಕತ್ತದವಳು, ದುರ್ಗಾಪೂಜೆ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 2, ಅವಳು 26ಕ್ಕೇ ಹೊರಡ್ತಾಳೆ. ಬಿಲ್ ಪ್ರಿಂಟರ್ ಜೋಡಿಸೋ ಹುಡುಗ ಪಟ್ನಾ ಕಡೆಯವನು, ಅವನಿಗೆ ದೀಪಾವಳಿಗಿಂತ ಛಠ್ ಪೂಜೆ ದೊಡ್ಡದು, ಅದು ಅಕ್ಟೋಬರ್ 25ರಿಂದ 28, ರೈಲಲ್ಲಿ ಹೋಗ್ಬರೋದೂ ಸೇರಿದ್ರೆ 23ರಿಂದ 30ರವರೆಗೆ ಇಲ್ಲ. ಆಫೀಸ್ ರಜೆ ಪಟ್ಟಿಯಲ್ಲಿ ಛಠ್ ಅನ್ನೋ ಪದಾನೇ ಇಲ್ಲ, ಫಾರ್ಮುಲಾಗೆ ಹೆಂಗೆ ಗೊತ್ತಾಗ್ಬೇಕು.

ಪರೀಕ್ಷೆಯದ್ದು ಬೇರೆ ಲೆಕ್ಕ, ಅದು ರಜೆ ಅಲ್ಲ, ದಿನ ಮೊಟಕಾಗೋದು. ಟೀಮಲ್ಲಿ ಒಬ್ರು ಅಕ್ಕನ ಮಗನಿಗೆ ದಸರಾ ರಜೆಗೆ ಮುಂಚೆ ಅರ್ಧವಾರ್ಷಿಕ ಪರೀಕ್ಷೆ, ಆ ವಾರ ಅವರು ನಾಲ್ಕಕ್ಕೆ ಎದ್ದು ಹೋಗ್ತಾರೆ, ಆ ದಿನಗಳಿಗೆ 0.5 ಅಂತ ಬರೀರಿ. ಪರೀಕ್ಷೆ ಮುಗಿದ ಮಾರನೇ ದಿನ ಮಗು ಮನೇಲಿರುತ್ತೆ ಅನ್ನೋದನ್ನೂ ಬರೀರಿ, ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಆ ವರ್ಷ ಸೆಪ್ಟೆಂಬರ್ 20ರಿಂದ ರಜೆ. ಅದು ಅಕ್ಟೋಬರ್ 7ಕ್ಕೆ ಮುಗೀಬೇಕಿತ್ತು, ಜಾತಿ ಸಮೀಕ್ಷೆಗೆ ಶಿಕ್ಷಕರು ಬೇಕು ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ಎಳೆದ್ರು, ಇಂಥದ್ದನ್ನ ಯಾವ ಶೀಟೂ ಮೊದ್ಲೇ ಹೇಳಲ್ಲ. ಇನ್ನು ಕಾಲೇಜ್ ಇಂಟರ್ನ್, ಅವನ ಪರೀಕ್ಷೆ ವೇಳಾಪಟ್ಟಿ ಬದಲಾಗ್ತಾನೇ ಇರುತ್ತೆ, ಹಾಗಾಗಿ ಅವನಿಲ್ದೆ ಕೆಲ್ಸ ನಿಲ್ಲೋ ಅಂಥದ್ದು ಯಾವುದನ್ನೂ ಅವನಿಗೆ ಕೊಡ್ಬೇಡಿ, ಇದ್ರಲ್ಲಿ ನಂದು ಎರಡನೇ ಮಾತಿಲ್ಲ.

ಆಮೇಲೆ ಸೇತುವೆ ದಿನಗಳು, ಅಂದ್ರೆ ಎರಡು ರಜೆ ನಡುವೆ ಸಿಕ್ಕಾಕೊಂಡವು. ಸೆಪ್ಟೆಂಬರ್ 29, 30 ಮತ್ತು ಅಕ್ಟೋಬರ್ 3. ಕಾಗದದ ಮೇಲೆ ಮೂರೂ ಕೆಲಸದ ದಿನಾನೇ, ಆದ್ರೆ ಮೈಸೂರಿನ ಹುಡುಗ ದಸರಾ ಬಿಟ್ಟು ಬರ್ತಾನಾ? ನಾನು ಇಂಥ ದಿನಕ್ಕೆ ಅರ್ಧ ಹಾಕ್ತೀನಿ. ಮೂರು ಅರ್ಧ ಅಂದ್ರೆ ಒಂದೂವರೆ ದಿನ ನಷ್ಟ, ಎರಡು ಅಂತ ತಗೊಳ್ಳಿ. ಫಾರ್ಮುಲಾದಲ್ಲಿ ಅರ್ಧ ದಿನ ತುರುಕೋಕೆ ಹೋಗ್ಬೇಡಿ, `C2`ನಲ್ಲಿ 20 ಇದ್ದದ್ದನ್ನ 22 ಮಾಡಿ ಅಷ್ಟೇ. ಕಟ್ಟೋ ಕೆಲ್ಸ ಅಕ್ಟೋಬರ್ 10ಕ್ಕೆ ಬದ್ಲು 16ಕ್ಕೆ ಮುಗಿಯುತ್ತೆ.

ತುಂಬಾ ಜನ ಇಲ್ಲೊಂದು ಶಾರ್ಟ್‌ಕಟ್ ಹೊಡೀತಾರೆ, ಎಲ್ರ ರಜೆ ಕೂಡಿ ಐದರಿಂದ ಭಾಗಿಸಿ ಆ ಸರಾಸರೀನ ಕಳೆಯೋದು. ಅದು ಮೋಸ. ಪಟ್ನಾ ಹುಡುಗನ ಆರು ದಿನ ಐದು ಜನಕ್ಕೆ ಹಂಚಿದ್ರೆ ಒಂದು ಚಿಲ್ರೆ ದಿನ ಅಂತ ಕಾಣುತ್ತೆ, ಆದ್ರೆ ಪ್ರಿಂಟರ್ ಕೈಕೊಟ್ರೆ ಆ ಆರೂ ದಿನ ಮಿಕ್ಕ ನಾಲ್ಕು ಜನ ಮುಖ ಮುಖ ನೋಡ್ಕೊಂಡು ಕೂರ್ಬೇಕು. ಅದಕ್ಕೇ ಪ್ರತಿ ಕೆಲಸದ ಪಕ್ಕ "ಇವರಿಲ್ದೆ ಆಗಲ್ಲ" ಅಂತ ಒಂದು ಕಾಲಂ ಇಟ್ಟು ಹೆಸರು ಬರೀರಿ, ಆ ಹೆಸರಿನ ಸಾಲಿಗೆ ಹೋಗಿ ಆ ತಾರೀಖಲ್ಲಿ ಇದ್ದಾರಾ ನೋಡಿ. ಡೇಟಾಬೇಸ್ ಕೆಲ್ಸ ಸೆಪ್ಟೆಂಬರ್ 25ರೊಳಗೆ ಮುಗೀಬೇಕು ಅಂತ ಗೊತ್ತಾಗೋದು ಆಗ್ಲೇ.

ನಾಲ್ಕನೇದು, ಗಿರಾಕಿಯ ಕ್ಯಾಲೆಂಡರ್. 16ಕ್ಕೆ ಕಟ್ಟಿ ಮುಗಿದ್ರೆ 17ರಿಂದ ಟ್ರಯಲ್ ಅಲ್ವಾ ಅಂತೀರಿ. ದೀಪಾವಳಿ ಹಿಂದಿನ ವಾರ ಬಟ್ಟೆ ಅಂಗಡೀಲಿ ಕೌಂಟರ್ ಹತ್ರ ಕಾಲಿಡಕ್ಕೆ ಜಾಗ ಇರಲ್ಲ, ಆಗ ಹೋಗಿ ಹೊಸ ಬಿಲ್ಲಿಂಗ್ ಹಾಕ್ತೀವಿ ಅಂದ್ರೆ ಸಾಹುಕಾರ್ರು ಅಟ್ಟಿಸ್ಕೊಂಡ್ ಬರ್ತಾರೆ. ಟ್ರಯಲ್ ಏನಿದ್ರೂ ಅಕ್ಟೋಬರ್ 27 ಸೋಮವಾರದಿಂದ. ಪ್ರಿಂಟರ್ ಹುಡುಗ ಬರೋದು 31ಕ್ಕೆ, ಹಾಗಾಗಿ ಮೊದಲ ನಾಲ್ಕು ದಿನ ಸ್ಟಾಕ್ ಹಾಕೋದು, ಬಾರ್‌ಕೋಡ್, ಸಿಬ್ಬಂದಿಗೆ ಕಲ್ಸೋದು, ಬಿಲ್ ಪ್ರಿಂಟ್ 31ರ ಶುಕ್ರವಾರ. ಮಧ್ಯೆ ಉಳಿಯೋ 17, 21, 23, 24ನ್ನ ಖಾಲಿ ಅನ್ಕೋಬೇಡಿ, ಪ್ರಿಂಟರ್ ಟೆಸ್ಟ್ ಅವನು ಹೊರಡೋ ಮುಂಚೆ 17ಕ್ಕೇ ಆಫೀಸಲ್ಲಿ ಮಾಡ್ಸಿ. ಉಳಿದಿದ್ರಲ್ಲಿ ಅರ್ಧ ಜನ ಇರ್ತಾರೆ, 21ಕ್ಕೆ ಅದೂ ಡೌಟು.

ರಿಪೇರಿ ನವೆಂಬರ್ 3ರಿಂದ 7. ಅಕ್ಟೋಬರ್ 24ಕ್ಕೂ ನವೆಂಬರ್ 7ಕ್ಕೂ ಸರಿಯಾಗಿ ಎರಡು ವಾರ, ಅದ್ರಲ್ಲಿ ಆಫೀಸ್ ರಜೆ ಅಂತ ಹೋಗಿದ್ದು ನಾಲ್ಕೇ ದಿನ.

ಶೀಟನ್ನ ಗಿರಾಕಿಗೆ ಕಳ್ಸುವಾಗ ಜನರ ಸಾಲುಗಳನ್ನ ಮುಚ್ಚಿಟ್ಟು ಕಳ್ಸಿ, ಯಾರ ಮಗನ ಪರೀಕ್ಷೆ ಯಾವಾಗ ಅಂತ ಅವರಿಗ್ಯಾಕೆ. ಮುಚ್ಚಿಟ್ಟ ಸಾಲನ್ನ ಬಿಚ್ಚೋದು ಸುಲಭ, ಹಾಗಾಗಿ ಪಿಡಿಎಫ್ ಮಾಡಿ ಕಳ್ಸೋದೇ ವಾಸಿ.