ಕುತ್ತಿಗೆಯ ಎಕ್ಸ್-ರೇಯಲ್ಲಿ ‘ಸವೆತ’ ಕಂಡರೆ: ರಿಪೋರ್ಟ್ ಓದುವ ಬಗೆ

‘ಸಿ5-6 ನಡುವಿನ ಡಿಸ್ಕ್ ಜಾಗ ಕಡಿಮೆಯಾಗಿದೆ, ಮುಂಭಾಗದಲ್ಲಿ ಆಸ್ಟಿಯೋಫೈಟ್‌ಗಳಿವೆ, ಕುತ್ತಿಗೆಯ ಸಹಜ ಬಾಗು ನೇರವಾಗಿದೆ.’ ನಲವತ್ತು ದಾಟಿದವರ ಕುತ್ತಿಗೆಯ ಎಕ್ಸ್-ರೇ ರಿಪೋರ್ಟುಗಳಲ್ಲಿ ಈ ಸಾಲು ಮತ್ತೆ ಮತ್ತೆ ಬರುತ್ತದೆ. ಮನೆಗೆ ಬರುವ ಹೊತ್ತಿಗೆ ಅದೇ ‘ಮೂಳೆ ಸವೆದಿದೆ, ಮೂಳೆ ಬೆಳೆದಿದೆ’ ಎಂದಾಗಿರುತ್ತದೆ. ಆಮೇಲೆ ಕುತ್ತಿಗೆಗೆ ಬೆಲ್ಟ್ ಬರುತ್ತದೆ, ತಲೆ ತಿರುಗಿಸಲೂ ಭಯವಾಗುತ್ತದೆ. ಫಿಲ್ಮಿನಲ್ಲಿ ಕಂಡದ್ದು ನಿಜವೇ. ಆದರೆ ನೋವಿಗೆ ಅದೇ ಕಾರಣವೇ ಎನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಫಿಲ್ಮಿನಲ್ಲಿಲ್ಲ.

ಮೊದಲು ಫಿಲ್ಮನ್ನೇ ನೋಡಿ

ಹೆಸರು, ದಿನಾಂಕ ಸರಿಯಿದೆಯೇ ನೋಡಿಕೊಂಡು, ಪಕ್ಕದಿಂದ ತೆಗೆದ ಚಿತ್ರವನ್ನು ಬೆಳಕಿಗೆ ಹಿಡಿಯಿರಿ. ಕುತ್ತಿಗೆಯಲ್ಲಿ ಏಳು ಕಶೇರುಗಳಿವೆ, ಅಂದರೆ ಬೆನ್ನುಮೂಳೆಯ ಮಣಿಗಳು. ರಿಪೋರ್ಟಿನ ‘ಸಿ5-6’ ಎಂದರೆ ಇವುಗಳಲ್ಲಿ ಐದನೆಯ ಮತ್ತು ಆರನೆಯದರ ನಡುವಿನ ಮಟ್ಟ. ಎಣಿಕೆಯನ್ನು ಎರಡನೆಯದರಿಂದ ಆರಂಭಿಸುವುದು ಸುಲಭ, ಏಕೆಂದರೆ ಅದರ ಮೇಲೆ ಹಲ್ಲಿನಂತೆ ಒಂದು ಮೂಳೆ ಎದ್ದು ನಿಂತಿರುತ್ತದೆ. ಮೊದಲ ಎರಡು ಕಶೇರುಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇಲ್ಲ. ಎರಡನೆಯದರಿಂದ ಕೆಳಗೆ, ಎದೆಯ ಮೊದಲ ಕಶೇರುವಿನವರೆಗೆ ಆರು ಡಿಸ್ಕ್‌ಗಳಿವೆ. ಏಳನೆಯ ಕಶೇರು ಹಲವರಲ್ಲಿ ಭುಜದ ನೆರಳಿನಲ್ಲಿ ಮುಚ್ಚಿಹೋಗಿರುತ್ತದೆ, ಅಂಥ ಫಿಲ್ಮ್ ಆ ಮಟ್ಟದ ಬಗ್ಗೆ ಏನೂ ಹೇಳುವುದಿಲ್ಲ.

ಎಕ್ಸ್-ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ. ಕಾಣುವುದು ಎರಡು ಮೂಳೆಗಳ ನಡುವಿನ ಕಪ್ಪು ಸಂದು ಮಾತ್ರ. ಅದರ ಎತ್ತರವನ್ನು ಮೇಲಿನ, ಕೆಳಗಿನ ಸಂದುಗಳೊಂದಿಗೆ ಹೋಲಿಸಿಯೇ ‘ಕಡಿಮೆಯಾಗಿದೆ’ ಎನ್ನುತ್ತಾರೆ. ಚಿತ್ರ ತೆಗೆಯುವಾಗ ತಲೆ ಸ್ವಲ್ಪ ಓರೆಯಾಗಿದ್ದರೂ ಸಂದು ಕಿರಿದಾದಂತೆ ತೋರುತ್ತದೆ. ‘ಬಾಗು ನೇರವಾಗಿದೆ’ ಎಂಬುದಕ್ಕೂ ಹೆಚ್ಚು ತೂಕ ಕೊಡಬೇಕಿಲ್ಲ: ಗಲ್ಲವನ್ನು ಒಂದಿಷ್ಟು ಕೆಳಗೆ ಇಟ್ಟು ನಿಂತರೂ ಹಾಗೆ ಬರುತ್ತದೆ, ನೋವೇ ಇಲ್ಲದ ಅನೇಕರಲ್ಲಿ ಕುತ್ತಿಗೆ ಇರುವುದೇ ಹಾಗೆ.

ಸಂದು ಏಕೆ ಕಿರಿದಾಗುತ್ತದೆ, ಮೂಳೆ ಏಕೆ ಬೆಳೆಯುತ್ತದೆ

ಡಿಸ್ಕಿನ ನಡುಭಾಗ ನೀರು ಹಿಡಿದಿಟ್ಟುಕೊಂಡ ಜೆಲ್ಲಿ. ದೊಡ್ಡವರಲ್ಲಿ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ, ಪೋಷಣೆ ಅಕ್ಕಪಕ್ಕದ ಮೂಳೆಯಿಂದ ನಿಧಾನವಾಗಿ ಜಿನುಗಬೇಕು. ವಯಸ್ಸಾದಂತೆ ನೀರು ಹಿಡಿದಿಡುವ ಅಣುಗಳು ಕಡಿಮೆಯಾಗುತ್ತವೆ, ಡಿಸ್ಕ್ ಕುಗ್ಗುತ್ತದೆ. ಕುಗ್ಗಿದ ಡಿಸ್ಕಿನ ಅಂಚು ಹೊರಕ್ಕೆ ಉಬ್ಬಿ, ಮೂಳೆಯ ತುದಿಗೆ ಅಂಟಿದ ಪೊರೆಯನ್ನು ಎಳೆಯುತ್ತದೆ. ಆ ಎಳೆತವಿರುವಲ್ಲಿ ವರ್ಷಗಟ್ಟಲೆ ಹೊಸ ಮೂಳೆ ಕೂಡುತ್ತಾ ಹೋಗುತ್ತದೆ. ಅದೇ ಆಸ್ಟಿಯೋಫೈಟ್, ಅಂದರೆ ಮೂಳೆಮುಳ್ಳು. ಇದರಿಂದ ಭಾರ ಹೊರುವ ಅಂಚು ಅಗಲವಾಗುತ್ತದೆ. ಕುತ್ತಿಗೆಯ ಚಲನೆ ಹೆಚ್ಚಿರುವ ಸಿ5-6, ಅದರ ಕೆಳಗಿನ ಸಿ6-7, ಇವೆರಡರಲ್ಲೇ ಇದು ಹೆಚ್ಚಾಗಿ ಕಾಣುತ್ತದೆ.

ಇದು ನೋಯದಿರುವುದಕ್ಕೆ ಕಾರಣ ರಚನೆಯಲ್ಲೇ ಇದೆ. ಆರೋಗ್ಯವಂತ ಡಿಸ್ಕಿನ ಹೊರ ಪದರಕ್ಕಷ್ಟೇ ನೋವಿನ ನರಗಳಿವೆ, ಒಳಗಿನ ಜೆಲ್ಲಿಗೆ ಇಲ್ಲ. ಇನ್ನು ಮುಂಭಾಗದ ಮೂಳೆಮುಳ್ಳಿನ ಎದುರಿಗಿರುವುದು ಅನ್ನನಾಳ. ಬೆನ್ನುಹುರಿ, ಕೈಗೆ ಹೋಗುವ ನರಗಳು ಇರುವುದು ಹಿಂದೆ. ಮುಂದಿನ ಮುಳ್ಳು ತುಂಬಾ ದೊಡ್ಡದಾದರೆ ನುಂಗಲು ತೊಂದರೆಯಾಗಬಹುದು, ಅದೂ ಅಪರೂಪ. ನರಕ್ಕೆ ತಾಕಬಲ್ಲದ್ದು ಹಿಂಬದಿಯ ಅಥವಾ ಪಕ್ಕದ ಮುಳ್ಳು. ಆದರೆ ನರ ಹೊರಬರುವ ರಂಧ್ರ ಪಕ್ಕದ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ, ಓರೆಯಾಗಿ ತೆಗೆದ ಚಿತ್ರದಲ್ಲಷ್ಟೇ ಕಾಣುತ್ತದೆ. ನರವಂತೂ ಯಾವ ಎಕ್ಸ್-ರೇಯಲ್ಲೂ ಕಾಣುವುದಿಲ್ಲ.

1986ರಲ್ಲಿ ಅಮೆರಿಕದ ಮೂಳೆತಜ್ಞ ಡೊನಾಲ್ಡ್ ಗೋರ್ ಮತ್ತು ಸಂಗಡಿಗರು ಕುತ್ತಿಗೆಯ ತೊಂದರೆಯೇ ಇಲ್ಲದ 200 ಜನರ ಎಕ್ಸ್-ರೇ ಪರಿಶೀಲಿಸಿದರು. 60ರಿಂದ 65 ವಯಸ್ಸಿನ ಗಂಡಸರಲ್ಲಿ ಶೇ 95, ಹೆಂಗಸರಲ್ಲಿ ಶೇ 70 ಮಂದಿಗೆ ಇಂಥ ಒಂದಾದರೂ ಬದಲಾವಣೆ ಇತ್ತು. ನೋವಿಲ್ಲದವರಲ್ಲೇ ಇಷ್ಟು ಸಾಮಾನ್ಯವಾದದ್ದು ನೋವಿರುವವರಲ್ಲೂ ಕಾಣಲೇಬೇಕು. ಹಾಗಾಗಿ ಅದು ಕಂಡ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ.

ಈಗ ತಾಳೆ ನೋಡಿ

48 ವರ್ಷದ ದರ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಹಬ್ಬದ ಕೆಲಸ ಜಾಸ್ತಿಯಾಗಿ, ಎರಡು ವಾರದಿಂದ ಕುತ್ತಿಗೆಯ ಬಲಭಾಗ, ಹೆಗಲು ಹಿಡಿದುಕೊಂಡಿದೆ. ಕೈಗೆ ನೋವು ಇಳಿದಿಲ್ಲ, ಜೋಮು ಇಲ್ಲ. ರಿಪೋರ್ಟು ಮೇಲೆ ಹೇಳಿದ್ದೇ.

ಮೊದಲು ಕಾಲ ತಾಳೆಯಾಗಬೇಕು. ಮೂಳೆಮುಳ್ಳು ಎರಡು ವಾರದಲ್ಲಿ ಹುಟ್ಟುವುದಿಲ್ಲ, ನೋವಿಲ್ಲದ ವರ್ಷಗಳಲ್ಲೂ ಅದು ಅಲ್ಲೇ ಇತ್ತು. ಇಂಥ ನೋವು ಬಹುತೇಕ ಕೆಲವು ವಾರಗಳಲ್ಲಿ ತಗ್ಗುತ್ತದೆ, ಆಗ ಮತ್ತೆ ಫಿಲ್ಮ್ ತೆಗೆದರೂ ಮುಳ್ಳು ಹಾಗೇ ಇರುತ್ತದೆ. ಗುಣವಾಯಿತೇ ಎಂದು ತಿಳಿಯಲು ಮರಳಿ ಎಕ್ಸ್-ರೇ ತೆಗೆಸುವುದು ದುಡ್ಡು ದಂಡ.

ಎರಡನೆಯದು ಮಟ್ಟ. ಸಿ5-6ರಲ್ಲಿ ನರ ಒತ್ತಿದರೆ ಆರನೆಯ ನರಕ್ಕೆ ತೊಂದರೆಯಾಗಿ ಜೋಮು ಸಾಮಾನ್ಯವಾಗಿ ಹೆಬ್ಬೆರಳು, ತೋರುಬೆರಳಿಗೆ ಇಳಿಯುತ್ತದೆ. ಒಂದು ವೇಳೆ ಈ ದರ್ಜಿಗೆ ನಡುಬೆರಳು ಜೋಮು ಹಿಡಿದು, ಮೊಣಕೈ ನೇರ ಮಾಡಿ ತಳ್ಳುವ ಬಲ ಕುಂದಿದ್ದರೆ? ಅದು ಏಳನೆಯ ನರದ ಲಕ್ಷಣ, ಅದು ಹೊರಬರುವುದು ಒಂದು ಮಟ್ಟ ಕೆಳಗೆ. ಆಗ ಫಿಲ್ಮಿನಲ್ಲಿ ಎದ್ದು ಕಾಣುವ ಸಂದು ಒಂದು, ತೊಂದರೆ ಕೊಡುತ್ತಿರುವುದು ಇನ್ನೊಂದು. ಬೆರಳು, ಸ್ನಾಯು, ಮಟ್ಟ ಮೂರೂ ಕೂಡಿಬಂದಾಗಲಷ್ಟೇ ಫಿಲ್ಮಿನ ಮಾತಿಗೆ ಬೆಲೆ.

ಕೈಗೆ ಏನೂ ಇಳಿಯದ ನಮ್ಮ ದರ್ಜಿಯದು ಸ್ನಾಯು ಮತ್ತು ಕೀಲುಗಳ ನೋವು ಎಂದು ತಿಳಿದು ನಡೆಯಬಹುದು. ಬಿಸಿ ಶಾಖ, ವೈದ್ಯರು ಹೇಳಿದ ನೋವಿನ ಮಾತ್ರೆ, ಅರ್ಧ ಗಂಟೆಗೊಮ್ಮೆ ಮಷೀನ್ ಬಿಟ್ಟು ಏಳುವುದು. ಗಲ್ಲವನ್ನು ನೇರವಾಗಿ ಹಿಂದಕ್ಕೆಳೆದು 5 ಸೆಕೆಂಡ್ ಹಿಡಿದು ಬಿಡುವುದು, ಒಂದು ಸಲಕ್ಕೆ 10 ಬಾರಿ, ದಿನಕ್ಕೆ ಎರಡು ಮೂರು ಸಲ. ಇದನ್ನು ಮಾಡುವಾಗ ನೋವು ಕೈಗಿಳಿದರೆ ನಿಲ್ಲಿಸಿ. ಬೆಲ್ಟನ್ನು ವಾರಗಟ್ಟಲೆ ಹಾಕಿಕೊಂಡರೆ ಕುತ್ತಿಗೆ ಇನ್ನಷ್ಟು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿ ನೆಟಿಕೆ ತೆಗೆಸುವುದು ಬೇಡವೇ ಬೇಡ. ಆ ಜರ್ಕಿಗೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದದ್ದುಂಟು.

ಫಿಲ್ಮ್ ಏನೇ ಹೇಳಲಿ, ಕಾಯಬಾರದ್ದು

ಬಿದ್ದ ಅಥವಾ ಅಪಘಾತದ ನಂತರದ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಕೈಯ ಬಲ ದಿನೇ ದಿನೇ ಕುಂದುವುದು: ಇವುಗಳಲ್ಲಿ ಯಾವುದಿದ್ದರೂ ತಕ್ಷಣ ವೈದ್ಯರ ಬಳಿ ಹೋಗಿ. ಬೆನ್ನುಹುರಿ ಒತ್ತಿದ ಲಕ್ಷಣ ಇನ್ನೂ ಮೋಸದ್ದು, ಏಕೆಂದರೆ ಅದರಲ್ಲಿ ನೋವೇ ಇಲ್ಲದಿರಬಹುದು. ಗುಂಡಿ ಹಾಕಲು ತಡವರಿಕೆ, ಸೂಜಿಗೆ ದಾರ ಪೋಣಿಸಲಾಗದಿರುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು ಅದರ ಗುರುತು. ಮನೆಯಲ್ಲೇ ನೋಡಬಹುದಾದ ಪರೀಕ್ಷೆಯೊಂದಿದೆ: ಮುಷ್ಟಿಯನ್ನು ಪೂರ್ತಿ ಬಿಗಿದು ಪೂರ್ತಿ ಬಿಡಿಸುತ್ತಾ 10 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ಸಾಮಾನ್ಯವಾಗಿ 20 ಅಥವಾ ಹೆಚ್ಚು ಆಗಬೇಕು. ಸಂಧಿವಾತದಂಥ ಬೇರೆ ಕಾರಣದಿಂದಲೂ ಎಣಿಕೆ ಕಡಿಮೆಯಾಗಬಹುದು, ಆದರೆ ಅದು 20ಕ್ಕಿಂತ ಕಡಿಮೆಯಿದ್ದು ಮೇಲಿನ ಗುರುತೂ ಇದ್ದರೆ ವೈದ್ಯರ ಪರೀಕ್ಷೆ, ಅವರು ಹೇಳಿದರೆ ಎಂಆರ್‌ಐ ಬೇಕು. ಎಕ್ಸ್-ರೇ ಅಲ್ಲಿ ಸಾಲದು.