ಉಬ್ಬು ಹತ್ತಿದಾಗ ಮುಂಚಕ್ರದಿಂದ ‘ಟಕ್’ ಸದ್ದೇ? ಶಾಕ್ ಬದಲಿಸುವ ಮೊದಲು ಲಿಂಕ್ ರಾಡ್ ಹಿಡಿದು ಅಲುಗಾಡಿಸಿ

ಬನಶಂಕರಿಯಲ್ಲಿರುವ ನನ್ನ ಸ್ನೇಹಿತರ ಕಾರು ಅರವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ, ಒಳರಸ್ತೆಯ ಪ್ರತಿ ಉಬ್ಬಿನಲ್ಲೂ ಎಡ ಮುಂಚಕ್ರದ ಕಡೆಯಿಂದ ‘ಟಕ್’ ಎಂದು ಬಡಿಯತೊಡಗಿತು. ಗ್ಯಾರೇಜಿನವರು ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಿ ದೊಡ್ಡ ಬಿಲ್ ಕೊಟ್ಟರು, ಆದರೆ ಮನೆಗೆ ಮರಳುವ ದಾರಿಯ ಮೊದಲ ಉಬ್ಬಿನಲ್ಲೇ ಅದೇ ಸದ್ದು ಕೇಳಿಸಿತು. ಸವೆದದ್ದು ಶಾಕ್ ಅಲ್ಲ, ಅದರ ಪಕ್ಕದಲ್ಲೇ ಇರುವ ಗೇಣುದ್ದದ ಲಿಂಕ್ ರಾಡ್. ಇದೇ ತಪ್ಪನ್ನು ಹಲವು ಬಾರಿ ಕಂಡಿರುವುದರಿಂದ ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಸದ್ದನ್ನು ಕೇಳಿ. ಎಡ ಮತ್ತು ಬಲ ಮುಂಚಕ್ರಗಳ ನಡುವೆ ಸ್ಟೆಬಿಲೈಜರ್ ಬಾರ್ ಎಂಬ ಬಾಗಿದ ಕಂಬಿಯಿದೆ. ಅದರ ಎರಡು ತುದಿಗಳನ್ನು ಚಕ್ರಗಳ ಕಡೆಗೆ ಜೋಡಿಸುವುದೇ ಲಿಂಕ್ ರಾಡ್. ಎರಡೂ ಚಕ್ರಗಳು ಒಟ್ಟಿಗೆ ಮೇಲೇರಿದರೆ ಕಂಬಿ ತನ್ನನ್ನು ಹಿಡಿದಿರುವ ರಬ್ಬರ್ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ; ಒಂದು ಮಾತ್ರ ಏರಿದಾಗ ಕಂಬಿ ತಿರುಚಿಕೊಂಡು ಆ ಬಲ ಲಿಂಕ್ ಮೇಲೆ ಬೀಳುತ್ತದೆ. ಆದ್ದರಿಂದ ಖಾಲಿ ರಸ್ತೆಯಲ್ಲಿ ಒಂದೇ ಉಬ್ಬನ್ನು ನಿಧಾನವಾಗಿ ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ದಾಟಿ. ಓರೆಯಾಗಿ ದಾಟುವಾಗಲೇ ಸದ್ದು ಹೆಚ್ಚಾದರೆ ಲಿಂಕ್ ಅಥವಾ ಸ್ಟೆಬಿಲೈಜರ್ ಬುಷ್ ಮೇಲೆ ಅನುಮಾನ ಪಡಬಹುದು. ಬ್ರೇಕ್ ಒತ್ತಿದಾಗ ಮತ್ತು ಗಾಡಿ ಹೊರಡುವಾಗಲೂ ಬಡಿದರೆ ಚಕ್ರವನ್ನು ಕೆಳಗಿನಿಂದ ಗಾಡಿಯ ಚೌಕಟ್ಟಿಗೆ ಜೋಡಿಸುವ ಲೋಯರ್ ಆರ್ಮ್‌ನ ಬುಷ್ ನೋಡಬೇಕು. ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಉಬ್ಬು ದಾಟಿದಾಗ ಸದ್ದು ನಿಂತುಹೋದರೆ, ಅಲುಗಾಡುತ್ತಿರುವುದು ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಇರಬಹುದು.

ಇನ್ನು ಕೈಯಿಂದ ಮುಟ್ಟಿ ನೋಡುವ ಹಂತ. ಹೆಚ್ಚಿನವರು ಎಡವುವುದು ಇಲ್ಲೇ. ಮೆಕ್ಯಾನಿಕ್‌ಗಳು ಒಂದು ಕಡೆಗೆ ಮಾತ್ರ ಜಾಕಿ ಕೊಟ್ಟು, ಚಕ್ರ ಜೋತುಬಿದ್ದಿರುವಾಗ ಲಿಂಕನ್ನು ಎಳೆದು ನೋಡಿ ‘ಗಟ್ಟಿಯಾಗಿದೆ’ ಎಂದುಬಿಡುತ್ತಾರೆ. ಆಗ ಎರಡು ಚಕ್ರಗಳ ಎತ್ತರ ಬೇರೆಯಾಗಿ ಕಂಬಿ ತಿರುಚಿಕೊಂಡಿರುತ್ತದೆ, ಲಿಂಕ್ ಬಿಗಿದು ನಿಂತಿರುತ್ತದೆ, ಸವೆದ ಕೀಲಿನ ಸಡಿಲ ಕೈಗೆ ಸಿಗುವುದೇ ಇಲ್ಲ. ಹಾಗೆ ಮಾಡದೆ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಾಲ್ಕು ಚಕ್ರಗಳ ಮೇಲೆಯೇ ನಿಲ್ಲಿಸಿ, ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಲಿಂಕ್‌ನ ಮೇಲ್ತುದಿ ಶಾಕ್‌ಗೆ ಜೋಡಿಸಿರುವ ಗಾಡಿಗಳಲ್ಲಿ ಚಕ್ರದ ಹಿಂದೆ ಕೈ ಹಾಕಿದರೆ ಅದು ಹಿಡಿತಕ್ಕೆ ಸಿಗುತ್ತದೆ. ಅದನ್ನು ನಡುವೆ ಹಿಡಿದು ಚುರುಕಾಗಿ ಮೇಲೆ ಕೆಳಗೆ, ಒಳಗೆ ಹೊರಗೆ ಅಲುಗಾಡಿಸಿ. ಲಿಂಕ್ ತನ್ನ ಅಕ್ಷದಲ್ಲಿ ಸ್ವಲ್ಪ ಹೊರಳುವುದು ದೋಷವಲ್ಲ, ಅದರ ತುದಿಯ ಗುಂಡು ಕೀಲು ಇರುವುದೇ ಅದಕ್ಕೆ. ‘ಕಟಕ್’ ಎಂದು ಬಡಿದರೆ ಮಾತ್ರ ದೋಷ. ಅನುಮಾನ ಉಳಿದರೆ ಮತ್ತೊಬ್ಬರು ಗಾಡಿಯನ್ನು ಪಕ್ಕದಿಂದ ಪಕ್ಕಕ್ಕೆ ತೂಗಾಡಿಸಲಿ, ನೀವು ಕೀಲಿನ ಮೇಲೆ ಬೆರಳಿಟ್ಟು ನೋಡಿ. ಕಿವಿಗೆ ಕೇಳಿಸದ ಬಡಿತ ಬೆರಳಿಗೆ ತಿಳಿಯುತ್ತದೆ. ಸ್ಪ್ರಿಂಗ್‌ನ ಸುರುಳಿಗಳ ನಡುವೆ ಮಾತ್ರ ಬೆರಳು ಹೋಗದಿರಲಿ. ಸ್ನೇಹಿತರ ಕಾರಿನಲ್ಲಿ ಎಡ ಲಿಂಕ್‌ನ ಕೆಳಕೀಲಿನ ರಬ್ಬರ್ ಕವಚ ಹರಿದು, ಒಳಗಿನ ಗ್ರೀಸ್ ಮಳೆನೀರಿನಲ್ಲಿ ತೊಳೆದುಹೋಗಿತ್ತು. ಕೆಲವು ಹಳೆಯ ಸಣ್ಣ ಕಾರುಗಳಲ್ಲಿ ಲಿಂಕ್ ಇರುವುದೇ ಇಲ್ಲ. ಅವುಗಳಲ್ಲಿ ಕಂಬಿಯ ಬುಷ್‌ಗಳನ್ನೇ ನೋಡಬೇಕು.

ಲಿಂಕ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಮುಂದಿನ ಎರಡೂ ಚಕ್ರಗಳನ್ನು ಸಮನಾಗಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ನಟ್ ಬಿಚ್ಚಿ, ಹೊಸದನ್ನು ಕೂರಿಸಿ. ನಟ್ ಜೊತೆಗೆ ಬೋಲ್ಟೂ ತಿರುಗಿದರೆ ಅದರ ತುದಿಯ ಕುಳಿಗೆ ಆಲನ್ ಕೀ ಹಾಕಿ ತಡೆಹಿಡಿಯಿರಿ. ಎರಡೂ ಕಡೆಯ ಲಿಂಕ್‌ಗಳನ್ನು ಒಟ್ಟಿಗೆ ಬದಲಿಸಿ, ಹಳೆಯ ನಟ್ ಮತ್ತೆ ಬಳಸಬೇಡಿ. ಜೆ.ಸಿ. ರಸ್ತೆಯಲ್ಲಿ ಹೆಸರಿಲ್ಲದ ಪೊಟ್ಟಣದ ಲಿಂಕ್ ಅಗ್ಗಕ್ಕೆ ಸಿಗಬಹುದು, ಆದರೆ ಅಂಥದ್ದು ನಾಲ್ಕೇ ತಿಂಗಳಲ್ಲಿ ಮತ್ತೆ ಬಡಿದದ್ದನ್ನು ನಾನು ನೋಡಿದ್ದೇನೆ. ಕಂಪನಿಯ ಪಾರ್ಟ್ ನಂಬರ್ ತೋರಿಸಿಯೇ ಕೊಳ್ಳಿ. ಸದ್ದಡಗಿಸಲು ರಬ್ಬರ್ ಬುಷ್‌ಗೆ ಸಾಮಾನ್ಯ ಗ್ರೀಸ್ ಬಳಿಯುವ ಉಪಾಯವೂ ಬೇಡ. ಒಂದು ವಾರ ಸುಮ್ಮನಿರಬಹುದು, ಆಮೇಲೆ ರಬ್ಬರೇ ಉಬ್ಬಿ ಮೆತ್ತಗಾಗುತ್ತದೆ.

ದೋಷ ಲೋಯರ್ ಆರ್ಮ್ ಬುಷ್‌ನಲ್ಲಿದ್ದರೆ ಒಂದು ಮಾತನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ: ಬೋಲ್ಟ್‌ನ ಕೊನೆಯ ಬಿಗಿತ ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಆಗಬೇಕು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ, ಗಾಡಿ ಇಳಿದ ಕೂಡಲೇ ಬುಷ್‌ನ ರಬ್ಬರ್ ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ, ಬೇಗನೆ ಹರಿಯುತ್ತದೆ. ಈ ಕೆಲಸದ ನಂತರ ವೀಲ್ ಅಲೈನ್‌ಮೆಂಟ್ ಬೇಕು, ಲಿಂಕ್ ಮಾತ್ರ ಬದಲಿಸಿದರೆ ಬೇಕಿಲ್ಲ. ಸಡಿಲ ಲಿಂಕ್‌ನೊಂದಿಗೆ ಕೆಲವು ದಿನ ನಿಧಾನವಾಗಿ ಓಡಿಸಬಹುದು. ಲೋಯರ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಹಾಗಲ್ಲ. ಅದು ಕಳಚಿಕೊಂಡರೆ ಚಕ್ರವೇ ಮಡಚಿಕೊಳ್ಳುತ್ತದೆ, ಆದ್ದರಿಂದ ಗಾಡಿಯನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ ಅನ್ನು ಅಲ್ಲಿಗೇ ಕರೆಸಿ.